ಹಚ್ಚಿದವರಿಗೆಲ್ಲ ಆರಾಮ ಅಂದರೆ ಸಾಕೇ?

ಸಂಪಾದಕರೇ,

ಉಡುಪಿ ರಥಬೀದಿಯಲ್ಲಿ ಮೊನ್ನೆ ಮಂಡಿನೋವಿನ ಎಣ್ಣೆಯ ಕರಪತ್ರ ಹಂಚುತ್ತಿದ್ದರು. ‘ಹಚ್ಚಿದವರಿಗೆಲ್ಲ ಆರಾಮ’ ಎಂದಿತ್ತು. ಆರಾಮ ಆಗಿರಲೂಬಹುದು. ಆದರೆ ಅದು ಎಣ್ಣೆಯಿಂದಲೇ ಅಂತ ಹೇಳುವುದು ಹೇಗೆ?

ಮದ್ದು ಸಿಕ್ಕಿತು ಎಂಬ ನಂಬಿಕೆಯಿಂದಲೇ ನೋವು ತಗ್ಗುವುದುಂಟು. ಇದೇ ಪ್ಲಾಸಿಬೊ ಪರಿಣಾಮ. ಇದು ಬರೀ ಭ್ರಮೆ ಅಲ್ಲ, ಮಿದುಳೇ ನೋವು ಇಳಿಸುವ ರಾಸಾಯನಿಕಗಳನ್ನು ಬಿಡುತ್ತದೆ. ಜೊತೆಗೆ, ನಾವು ಮದ್ದಿಗೆ ಓಡುವುದು ನೋವು ಜಾಸ್ತಿಯಾದಾಗ ಅಲ್ವಾ? ಆಮೇಲೆ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ.

ಮಂಡಿಯದ್ದೇ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದದ್ದು, 2002ರಲ್ಲಿ ಪ್ರಕಟವಾಯಿತು. ಮಂಡಿ ಸವೆದಿದ್ದ 180 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೀಲಿನೊಳಗೆ ಕೆರೆದು ಸ್ವಚ್ಛ ಮಾಡಿದರು. ಇನ್ನೊಂದಕ್ಕೆ ತೊಳೆದರು ಅಷ್ಟೇ. ಮೂರನೆಯವರಿಗೆ ಚರ್ಮ ಕೊಯ್ದು ಹೊಲಿಗೆ ಹಾಕಿ ಬಿಟ್ಟರು. ನಕಲಿ ಆಪರೇಷನ್ ಇರಬಹುದೆಂದು ಎಲ್ಲರೂ ಮೊದಲೇ ಒಪ್ಪಿದ್ದರು. ಆದರೆ ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿರಲಿಲ್ಲ, ನೋವು ಅಳೆದವರಿಗೂ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರೂ ನಿಜವಾದ ಆಪರೇಷನ್ ಆದವರು ನಕಲಿಯವರಿಗಿಂತ ಮೇಲಾಗಿರಲಿಲ್ಲ. ಆ ಮೂರನೇ ಗುಂಪು ಇಲ್ಲದಿದ್ದರೆ ಹೆಸರೆಲ್ಲ ಆಪರೇಷನ್‌ಗೇ ಹೋಗುತ್ತಿತ್ತು.

ನೋವು, ವಾಕರಿಕೆಯಂಥದ್ದರಲ್ಲಿ ಈ ಪರಿಣಾಮ ಜೋರು. ಗಡ್ಡೆಯನ್ನು ಅದು ಕರಗಿಸುವುದಿಲ್ಲ. ನಮ್ಮ ಪತ್ರಿಕೆಗಳು ಮದ್ದಿನ ಜಾಹೀರಾತು ಹಾಕುವ ಮುಂಚೆ ‘ಹೋಲಿಸಿ ನೋಡಿದ ಗುಂಪು ಇತ್ತೇ?’ ಎಂದು ದಯವಿಟ್ಟು ಕೇಳಲಿ.

– ಓದುಗ, ಉಡುಪಿ