ಆ ಒಂದು ವಾರಕ್ಕಾಗಿ, ನನ್ನ ಗಂಡನಿಗೆ

ನಿನ್ನೆ ನನ್ನ ಪಿಎಚ್‌.ಡಿ ಮೌಖಿಕ ಪರೀಕ್ಷೆ ಮುಗಿಯಿತು. ಮಾರ್ಗದರ್ಶಕರಿಗೆ, ಗ್ರಂಥಾಲಯದವರಿಗೆ, ಗೆಳತಿಯರಿಗೆ ಹೇಳಬೇಕಾದ್ದನ್ನೆಲ್ಲ ಪ್ರಬಂಧದ ಮೊದಲ ಪುಟಗಳಲ್ಲೇ ಹೇಳಿದ್ದೇನೆ. ಗಂಡನಿಗೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಸಾಲು. ಅದು ಸಾಲದು ಅಂತ ಆಗಲೇ ಅನ್ನಿಸಿತ್ತು. ಪ್ರಬಂಧ ಒಪ್ಪಿಸುವ ಮುಂಚಿನ ವಾರ ಅವರು ಏನು ಮಾಡಿದರು ಅನ್ನುವುದನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆ ಶನಿವಾರ ಕೊನೆಯ ದಿನ. ದಿನಕ್ಕೆ ಹನ್ನೆರಡು ಗಂಟೆ ಕೂತರೂ ಮುಗಿಯುವುದು ಅನುಮಾನ ಅನ್ನುವಷ್ಟು ಕೆಲಸ ಬಾಕಿಯಿತ್ತು. ಹಿಂದಿನ ವಾರದ ಗುರುವಾರ ರಾತ್ರಿ ಅವರಿಗೊಂದು ಮೆಸೇಜ್ ಬರೆಯಲು ಕೂತೆ. ಒಂದೇ ಮನೆಯಲ್ಲಿದ್ದುಕೊಂಡು ಮೆಸೇಜ್ ಯಾಕೆ ಅಂತ ಕೇಳಬಹುದು. ಎದುರಾಎದುರು ಮಾತಾಡಿದರೆ ನಾನು ದಣಿವಿನಲ್ಲಿ ಸಿಡುಕುತ್ತೇನೆ, ಅವರು ಆ ಕ್ಷಣಕ್ಕೆ "ಆಯ್ತು, ಮಾಡೋಣ" ಅಂದುಬಿಡುತ್ತಾರೆ. ಬರೆದಿಟ್ಟರೆ ಅವರಿಗೂ ಯೋಚಿಸಲು ಒಂದು ರಾತ್ರಿ ಸಿಗುತ್ತದೆ, ಆಫೀಸಿನಲ್ಲಿ ಏನಾದರೂ ಹಿಂದುಮುಂದು ಮಾಡಿಕೊಳ್ಳಲು ಶುಕ್ರವಾರ ಇರುತ್ತದೆ.

ಮೊದಲು ಬರೆದದ್ದು "ಮುಂದಿನ ವಾರ ನನಗೆ ಸ್ವಲ್ಪ ಸಹಾಯ ಮಾಡ್ತೀರಾ" ಅಂತ. ಓದಿ ನೋಡಿ ಅಳಿಸಿದೆ. ಸಹಾಯ ಅಂದರೆ ಕೆಲಸ ನನ್ನದೇ ಅಂತ ಆಯಿತಲ್ಲ. ಪ್ರತಿ ಸಲವೂ ಅವರು ಬಂದು "ಈಗೇನು ಮಾಡ್ಲಿ" ಅನ್ನಬೇಕು, ನಾನು ಬರೆಯುವುದು ನಿಲ್ಲಿಸಿ ಹೇಳಬೇಕು. ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ಒಂದು ಮಾಮೂಲಿ ದಿನ ಮನೆಗೆ ಎಷ್ಟು ನಿಮಿಷ ಬೇಕು ಅಂತ ಲೆಕ್ಕ ಹಾಕಿದೆ. ಎರಡು ಹೊತ್ತಿನ ಅಡುಗೆಗೆ 95, ಮಗಳನ್ನು ಶಾಲೆಗೆ ಹೊರಡಿಸುವುದಕ್ಕೆ 40, ಬಟ್ಟೆ ಒಣಹಾಕಿ ಮಡಚುವುದಕ್ಕೆ 30. ಇವು ಮೂರೂ ನನ್ನವು. ಪಾತ್ರೆಗೆ 25, ಕಸ ಗುಡಿಸಿ ಒರೆಸುವುದಕ್ಕೆ 30, ಮಗಳ ಹೋಮ್‌ವರ್ಕಿಗೆ 30, ಕಸ ಹೊರಗೆ ಹಾಕುವುದಕ್ಕೆ 5. ಇವು ಅವರವು. ನನ್ನದು 165 ನಿಮಿಷ, ಅವರದು 90. ಮೂರು ಕೆಲಸ ನನ್ನದು, ನಾಲ್ಕು ಅವರದು ಅಂತ ಎಣಿಸಿಕೊಂಡು ಅವರ ಪಾಲೇ ಜಾಸ್ತಿ ಅಂತ ಇಬ್ಬರೂ ಇಷ್ಟು ದಿನ ನಂಬಿಕೊಂಡಿದ್ದೆವು!

ನನ್ನದನ್ನೆಲ್ಲ ಅವರ ಮೇಲೆ ಹೊರಿಸಿದರೆ ಅವರಿಗೆ ದಿನಕ್ಕೆ ನಾಲ್ಕು ಗಂಟೆ ಮೀರುತ್ತಿತ್ತು. ಅವರದೂ ಒಂಬತ್ತು ಗಂಟೆಯ ಕೆಲಸ. ಮೂರನೇ ದಿನಕ್ಕೆ ಸುಸ್ತಾಗಿ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ಹಂಚುವ ಮೊದಲು ಕತ್ತರಿಸಿದೆ. ಕೊನೆಗೆ ಕಳಿಸಿದ ಮೆಸೇಜ್ ಇದು:

"ರೀ, ಸೋಮವಾರದಿಂದ ಭಾನುವಾರದವರೆಗೆ, ಈ ಒಂದು ವಾರಕ್ಕೆ ಮಾತ್ರ ಹೀಗೆ ಮಾಡಿದರೆ ಹೇಗೆ? ಅಡುಗೆ ಬೆಳಿಗ್ಗೆ ಒಂದೇ ಸಲ, ಎರಡೂ ಹೊತ್ತಿಗೆ ಆಗುವಷ್ಟು. ನೆಲ ಒರೆಸೋದು ಬೇಡ, ಗುಡಿಸಿದರೆ ಸಾಕು. ಬಟ್ಟೆ ಮಡಚೋದು ಬೇಡ, ಬುಟ್ಟಿಯಿಂದಲೇ ತೆಗೆದು ಹಾಕಿಕೊಳ್ಳೋಣ. ಇಷ್ಟಕ್ಕೇ ದಿನಕ್ಕೆ ಒಂದು ಗಂಟೆ ಉಳಿಯುತ್ತೆ. ಉಳಿದದ್ದರಲ್ಲಿ ಬಟ್ಟೆ ಒಣಹಾಕೋದು, ಹೋಮ್‌ವರ್ಕ್ ನನಗಿರಲಿ. ಸಂಜೆ ಅರ್ಧ ಗಂಟೆ ಅವಳ ಜೊತೆ ಕೂರದಿದ್ದರೆ ನನಗೇ ಆಗೋದಿಲ್ಲ. ಅಡುಗೆ, ಪಾತ್ರೆ, ಗುಡಿಸೋದು, ಕಸ, ಅವಳನ್ನ ಹೊರಡಿಸೋದು ನಿಮಗೆ. ನಿಮಗೆ ಈಗಿರುವುದಕ್ಕಿಂತ ಒಂದು ಗಂಟೆ ಜಾಸ್ತಿ ಆಗುತ್ತೆ, ನನಗೆ ಎರಡು ಗಂಟೆ ಸಿಗುತ್ತೆ. ಇದರಲ್ಲಿ ನಿಮಗೆ ಆಗದೇ ಇರೋದು ಯಾವುದು ಹೇಳಿ, ಬದಲಾಯಿಸೋಣ. ಮುಂದೆ ನಿಮಗೆ ಇಂಥ ವಾರ ಬಂದಾಗ ಇದೇ ಲೆಕ್ಕವನ್ನ ತಿರುಗಿಸಿ ನನಗೆ ಕಳಿಸಿ."

ಬೆಳಿಗ್ಗೆ ಉತ್ತರ ಬಂದಿತ್ತು. ಬರೀ "ಸರಿ" ಅಂದಿದ್ದರೆ ನನಗೆ ಭಯವಾಗುತ್ತಿತ್ತು. ಅವರು ಓದಿ, ತಮ್ಮ ವಾರದ ಪಕ್ಕದಲ್ಲಿಟ್ಟು ನೋಡಿದ್ದರು. "ಬುಧವಾರ ನಾನು ಬರೋದು ರಾತ್ರಿ ಒಂಬತ್ತಾಗುತ್ತೆ. ಅವತ್ತಿನ ಪಾತ್ರೆ ನೀನು ತಗೋ. ಬದಲಿಗೆ ಶುಕ್ರವಾರ, ಶನಿವಾರ ಬಟ್ಟೆ ನನ್ನದು. ಆ ಎರಡು ದಿನ ನೀನು ಕುರ್ಚಿಯಿಂದ ಏಳಬೇಡ." ಇಪ್ಪತ್ತೈದು ನಿಮಿಷ ಕೇಳಿ ಮೂವತ್ತು ಕೊಟ್ಟರು, ಅದೂ ನನಗೆ ಅತಿ ಹೆಚ್ಚು ಬೇಕಾಗಿದ್ದ ದಿನಗಳಲ್ಲಿ. ಆ ಉತ್ತರವನ್ನು ಇವತ್ತಿಗೂ ಅಳಿಸಿಲ್ಲ.

ಸೋಮವಾರ, ಮಂಗಳವಾರ ಸಲೀಸಾಗಿ ಹೋದವು. ಗುರುವಾರ ಬೆಳಿಗ್ಗೆ ಮಗಳು ಶಾಲೆಯ ಗೇಟಿನ ಹತ್ತಿರ ನಿಂತು ಅತ್ತಳು. ಅವತ್ತು ಎಲ್ಲರೂ ಹಳೆಯ ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ತರಬೇಕಿತ್ತಂತೆ, ಮಂಗಳವಾರವೇ ಡೈರಿಯಲ್ಲಿ ಬರೆದು ಕಳಿಸಿದ್ದರಂತೆ. ನಾನು ಅದು "ಹೊರಡಿಸೋದರಲ್ಲಿ" ಸೇರಿದೆ ಅಂದುಕೊಂಡಿದ್ದೆ. ಅವರಿಗೆ ಹೊರಡಿಸುವುದು ಅಂದರೆ ಸ್ನಾನ, ಜಡೆ, ಡಬ್ಬಿ, ಬ್ಯಾಗು. ತಪ್ಪು ನನ್ನ ಮೆಸೇಜಿನದು. ದಿನಾ ರಾತ್ರಿ ಡೈರಿ ತೆರೆದು ನೋಡುವುದನ್ನು ನಾನು ಕೆಲಸ ಅಂತ ಎಂದೂ ಎಣಿಸಿರಲಿಲ್ಲ, ಆದ್ದರಿಂದ ಹಾಳೆಯಲ್ಲೂ ಬರಲಿಲ್ಲ. ಆಲಿಸನ್ ಡಾಮಿಂಜರ್ ಅನ್ನುವ ಸಮಾಜಶಾಸ್ತ್ರಜ್ಞೆ 2019ರಲ್ಲಿ ದಂಪತಿಗಳನ್ನು ಮಾತಾಡಿಸಿ ಬರೆದ ಪ್ರಬಂಧವೊಂದರಲ್ಲಿ ಇದೇ ವಿಷಯವಿದೆ. ಏನು ಬೇಕಾಗಬಹುದು ಅಂತ ಮುಂಚೆಯೇ ಊಹಿಸುವುದು, ದಾರಿ ಹುಡುಕುವುದು, ತೀರ್ಮಾನಿಸುವುದು, ಆಯಿತೋ ಇಲ್ಲವೋ ಅಂತ ಗಮನಿಸುವುದು, ಹೀಗೆ ಮನೆಯ ಯೋಚನೆಯ ಕೆಲಸವನ್ನು ಅವರು ನಾಲ್ಕಾಗಿ ಬಿಡಿಸುತ್ತಾರೆ. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಗಸರ ಪಾಲಿಗೇ ಬಂದಿದ್ದವು ಅನ್ನುತ್ತಾರೆ. ನಮ್ಮ ಮನೆಯಲ್ಲೂ ಕೈಕೆಲಸ ಗಂಡನ ಕಡೆ ಹೋಗಿತ್ತು, ಊಹಿಸುವುದೂ ಗಮನಿಸುವುದೂ ನನ್ನ ತಲೆಯಲ್ಲೇ ಉಳಿದಿತ್ತು.

ಅವತ್ತು ಮಧ್ಯಾಹ್ನ ನಾನು ಏನಾದರೂ ಬರೆಯುವ ಮುಂಚೆಯೇ ಅವರ ಮೆಸೇಜ್ ಬಂತು: "ಡೈರಿ ಇನ್ನು ನನ್ನದು. ನೀನು ನೋಡಲೂ ಬೇಡ." ಆ ರಾತ್ರಿ ಅವರೂ ಮಗಳೂ ನೆಲದ ಮೇಲೆ ಪತ್ರಿಕೆ ಹರಡಿಕೊಂಡು ಚಿತ್ರ ಕತ್ತರಿಸುತ್ತಿದ್ದ ಸದ್ದು ಬಾಗಿಲಿನಾಚೆಯಿಂದ ಕೇಳುತ್ತಿತ್ತು. ನಾನು ಡೈರಿ ನೋಡಲಿಲ್ಲ. ನೋಡದೇ ಇರುವುದು ಸುಲಭವಾಗಿರಲಿಲ್ಲ ಅಂತಲೂ ಹೇಳಿಬಿಡುತ್ತೇನೆ.

ಜಡೆಯ ವಿಷಯದಲ್ಲೂ ಹಾಗೇ. ಮೊದಲ ದಿನ ಒಂದು ಜಡೆ ಕಿವಿಯ ಹತ್ತಿರ, ಇನ್ನೊಂದು ಕತ್ತಿನ ಹತ್ತಿರ ಇತ್ತು. ಬಿಚ್ಚಿ ಮತ್ತೆ ಹಾಕಲು ಕೈ ಹೋಗಿತ್ತು, ತಡೆದುಕೊಂಡೆ. ಒಪ್ಪಿಸಿದ ಕೆಲಸವನ್ನು ನಾನೇ ತಿದ್ದುತ್ತಾ ಹೋದರೆ ನಾಳೆಗೆ ಅದು ತಿರುಗಿ ನನ್ನ ಹತ್ತಿರವೇ ಬರುತ್ತದೆ. ಶುಕ್ರವಾರದ ಹೊತ್ತಿಗೆ ಅವರು ತಮ್ಮದೇ ದಾರಿ ಕಂಡುಕೊಂಡಿದ್ದರು: ಬಾಚಣಿಗೆಯ ಹಿಂಭಾಗದಿಂದ ನೆತ್ತಿಯಿಂದ ಕತ್ತಿನವರೆಗೆ ಬೈತಲೆ ಎಳೆದು, ಒಂದು ಪಾಲಿಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ, ಇನ್ನೊಂದನ್ನು ಹೆಣೆಯುವುದು. ನನ್ನದಕ್ಕಿಂತ ನೇರವಾಗಿ ಬರುತ್ತಿತ್ತು. ಮಗಳು ಈಗಲೂ ಅವರ ಹತ್ತಿರವೇ ಹೋಗುತ್ತಾಳೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಪ್ರಬಂಧ ಒಪ್ಪಿಸಿ ಬಂದಾಗ ಸೋಫಾದ ಪಕ್ಕ ಮಡಚದ ಬಟ್ಟೆ ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತ್ತು, ನೆಲದಲ್ಲಿ ಹೆಜ್ಜೆ ಗುರುತುಗಳಿದ್ದವು. ಒಪ್ಪಂದ ಇದ್ದದ್ದೇ ಹಾಗೆ. ಅವರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನನ್ನ ಕಡೆ ತಿರುಗಿ "ಆಯ್ತಾ?" ಅಂದರು. ನಾನು ಹೂಂ ಅಂದೆ. ಆ ಹೊತ್ತಿಗೆ ಬೇರೆ ಮಾತು ಬರಲಿಲ್ಲ, ಆವತ್ತು ಹೇಳಲಾಗದ್ದನ್ನು ಈಗ ಎಲ್ಲರ ಮುಂದೆ ಹೇಳುತ್ತಿದ್ದೇನೆ: ರೀ, ಆ ಏಳು ದಿನ ನೀವು ಮನೆಯನ್ನು ನಿಮ್ಮ ತಲೆಯಲ್ಲಿಟ್ಟುಕೊಂಡಿರಿ, ಆದ್ದರಿಂದ ನನ್ನ ತಲೆಯಲ್ಲಿ ಕೊನೆಯ ಅಧ್ಯಾಯಕ್ಕೆ ಜಾಗ ಸಿಕ್ಕಿತು. ನಿಮಗೆ ತುಂಬಾ ಋಣಿ.

ಮುಂದಿನ ವಾರ ಅವರ ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ವಾರ. ನಿನ್ನೆ ರಾತ್ರಿ ಮೆಸೇಜ್ ಬಂದಿದೆ. ನಿಮಿಷಗಳನ್ನೆಲ್ಲ ಬರೆದು, ಏನೇನು ಬಿಟ್ಟುಬಿಡಬಹುದು ಅಂತ ಗುರುತು ಹಾಕಿದ್ದಾರೆ. ಕೊನೆಯ ಸಾಲು ಹೀಗಿದೆ: "ಡೈರಿಯೂ ನಿನ್ನದೇ. ಜಡೆ ಮಾತ್ರ ನನಗಿರಲಿ."