ಬಚ್ಚಲಮನೆ ಸೋರಿಕೆ: ಸಮಿತಿಗೆ ಇಮೇಲ್ ಕಳಿಸಿದ್ದೇನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಚ್ಚಲಮನೆ ಸೂರು ಸೋರುತ್ತಿರುವ ಬಗ್ಗೆ ಇವತ್ತು ನಮ್ಮ ಅಪಾರ್ಟ್‌ಮೆಂಟ್ ಸಮಿತಿಗೆ ಇಮೇಲ್ ಹಾಕಿ, ಅರ್ಧ ಗಂಟೆ ಭೇಟಿಗೆ ಸಮಯ ಕೇಳಿದ್ದೇನೆ. 14 ಶನಿವಾರ ಸಂಜೆ 6, 15 ಭಾನುವಾರ ಬೆಳಿಗ್ಗೆ 10, ಇಲ್ಲವೇ 18 ಬುಧವಾರ ರಾತ್ರಿ 8, ಯಾವುದಾದರೂ ಸರಿ ಎಂದು ಬರೆದಿದ್ದೇನೆ.

ವರ್ಷದಲ್ಲಿ ಮೂರು ಸಲ ಪುಟ್ಟಿ ಹಚ್ಚಿ ಬಣ್ಣ ಬಳಿದು ಹೋದರು. ಪ್ರತಿ ಸಲವೂ ತಿಂಗಳೊಳಗೆ ಅದೇ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದು ಬಿಳಿ ಉಪ್ಪು ಉದುರುತ್ತದೆ. ಮಳೆ ನೀರು ಅಂತ ಹೇಳಿದರು. ಆದರೆ ತುಮಕೂರಿನ ಮಾರ್ಚ್ ಬಿಸಿಲಲ್ಲೂ ಹನಿ ನಿಂತಿಲ್ಲ. ಮೇಲಿನ ಮನೆಯವರು ಹತ್ತು ದಿನ ಊರಿಗೆ ಹೋಗಿದ್ದಾಗ ಮಾತ್ರ ಒಣಗಿತ್ತು. ನಲ್ಲಿ ಪೈಪಲ್ಲಿ ಸದಾ ನೀರಿರುತ್ತದೆ, ಅದು ಒಡೆದಿದ್ದರೆ ಆಗಲೂ ಸೋರಬೇಕಿತ್ತು. ಹಾಗಾಗಿ ನನ್ನ ಅನುಮಾನ ಮೇಲಿನ ಬಚ್ಚಲಮನೆಯ ನೆಲದ ಮೇಲೆ, ಅಲ್ಲಿ ನೀರು ಹರಿದುಹೋಗುವ ನಹಾನಿ ಟ್ರ್ಯಾಪ್ ಸುತ್ತಲಿನ ಸಂದಿನ ಮೇಲೆ.

ನಾನು ಕೇಳಿರುವುದು ಇಷ್ಟೇ: ಮತ್ತೆ ಬಣ್ಣ ಬಳಿಯುವ ಮೊದಲು, ಮೇಲಿನವರ ಒಪ್ಪಿಗೆ ಪಡೆದು ಟ್ರ್ಯಾಪ್ ಮುಚ್ಚಿ, ಬಣ್ಣದ ನೀರನ್ನು ಒಂದು ದಿನ ನಿಲ್ಲಿಸಿ ನೋಡಿ. ಕೆಳಗೆ ಬಣ್ಣ ಕಂಡರೆ ನೆಲದ ದೋಷ. ಟ್ರ್ಯಾಪ್ ತೆರೆದು ನೀರು ಬಿಟ್ಟಾಗ ಮಾತ್ರ ಹನಿದರೆ ಕೆಳಗಿನ ಡ್ರೈನ್ ಪೈಪಿನದು.

ನಿಮ್ಮ ಮನೆಯಲ್ಲೂ ಹೀಗಿದ್ದರೆ 12ರ ಸಂಜೆಯೊಳಗೆ ಫೋಟೋ, ಶುರುವಾದ ತಿಂಗಳು ನನಗೆ ಕಳಿಸಿ. ಭೇಟಿಗೆ ಒಟ್ಟಿಗೆ ಹೋಗೋಣ.