ಉಸಿರನ್ನು ಓಡಿಸಬೇಡ, ಬೇಟಾ

ಕಲಬುರಗಿ

ಪ್ರೀತಿಯ ಬೇಟಾ,

ಅಸ್ಸಲಾಮು ಅಲೈಕುಮ್. ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ಫೋನಿನಲ್ಲಾದರೆ ನಾನು ಅರ್ಧ ಹೇಳಿ ಅರ್ಧ ಮರೆಯುತ್ತೇನೆ. ಅದಕ್ಕೇ ಇವತ್ತು ಫಜರ್ ನಮಾಜ್ ಮುಗಿಸಿ, ಚಹಾ ಕುಡಿದು, ಬರೆಯಲು ಕೂತೆ.

ನೀನು ವಿಡಿಯೊ ನೋಡಿಕೊಂಡು ಮೂರು ರಾತ್ರಿ ಜಿಕ್ರ್, ಅಂದರೆ ಅಲ್ಲಾಹನ ನಾಮಸ್ಮರಣೆ, ಮಾಡಿದೆ ಅಂತ ಬರೆದಿದ್ದೀಯ. 'ಲಾ ಇಲಾಹ ಇಲ್ಲಲ್ಲಾಹ್' 200 ಸಲ, ಐದೇ ನಿಮಿಷದಲ್ಲಿ. ಮೂರನೇ ರಾತ್ರಿ ಬೆರಳ ತುದಿ, ತುಟಿ ಎಲ್ಲ ಜುಮ್ಮೆಂದವು, ತಲೆ ಹಗುರಾಯಿತು, ಕಣ್ಣ ಮುಂದೆ ಬೆಳಕು ಚುಕ್ಕಿಚುಕ್ಕಿಯಾಗಿ ಕಾಣಿಸಿತು. 'ಖಾಲಾ, ದೇವರ ನೆನಪಲ್ಲಿ ಮೈಮರೆಯೋದಕ್ಕೆ ಹಾಲ್ ಬರೋದು ಅಂತಾರಲ್ಲ, ಇದು ಅದೇನಾ?' ಅಂತ ಕೇಳಿದ್ದೀಯ.

ಅಲ್ಲ ಬೇಟಾ. ನಿನಗೆ ಬೇಜಾರಾದರೂ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಐದು ನಿಮಿಷಕ್ಕೆ 200 ಅಂದರೆ ನಿಮಿಷಕ್ಕೆ 40. ಒಂದೊಂದು ಸಲಕ್ಕೂ ಒಂದೊಂದು ಉಸಿರು ಎಳೆದಿದ್ದೀಯ. ಸುಮ್ನೆ ಕೂತಾಗ ನಮ್ಮ ಉಸಿರು ನಿಮಿಷಕ್ಕೆ ಹೆಚ್ಚುಕಡಿಮೆ 12ರಿಂದ 16 ಸಲ ಆಡುತ್ತದೆ. ನೀನು ಅದನ್ನು ಸುಮಾರು ಮೂರು ಪಟ್ಟು ಓಡಿಸಿದೆ. ಹಾಗೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇರಬೇಕಾದಷ್ಟು ಕಾರ್ಬನ್ ಡೈಆಕ್ಸೈಡ್ ಉಳಿಯುವುದಿಲ್ಲ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗುತ್ತವೆ. ಬೆರಳು ಜುಮ್ಮೆನ್ನುವುದು, ತಲೆ ತೇಲುವುದು, ಕಣ್ಣಿಗೆ ಚುಕ್ಕಿ ಕಾಣುವುದು ಎಲ್ಲ ಅದರಿಂದಲೇ. ಜಿಕ್ರ್ ಇಲ್ಲದೆ ಬರೀ ಹಾಗೆ ಉಸಿರು ಎಳೆದು ಬಿಟ್ಟರೂ ಅದೇ ಆಗುತ್ತದೆ. ನಿಲ್ಲಿಸಿ ಮೆಲ್ಲಗೆ ಉಸಿರಾಡಿದರೆ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ನಿನಗೂ ಇಳಿಯಿತು ಅಲ್ವಾ?

ಗುರುತು ಹಿಡಿಯುವುದು ಕಷ್ಟವಲ್ಲ. ಉಸಿರನ್ನು ನಿಧಾನ ಮಾಡಿದ ಕೂಡಲೇ ಹೋಗುವಂಥದ್ದು ಉಸಿರಿನಿಂದ ಬಂದದ್ದು. ಅದರ ಬೆನ್ನು ಹತ್ತಬೇಡ. ಬೆಳಕು ನೋಡಬೇಕು ಅಂತ ಕೂತವನು ಬೆಳಕನ್ನೇ ನೆನೆಯುತ್ತಾನೆ. ನಾವು ನೆನೆಯಲು ಕೂತದ್ದು ಬೇರೆ ಯಾರನ್ನೋ.

ನನಗೆ ಇದು ಗೊತ್ತಾದದ್ದು ಪುಸ್ತಕದಿಂದಲ್ಲ. ನನ್ನ ನಾನಿ ಬೀಸುವ ಕಲ್ಲಿನ ಮುಂದೆ ಕೂತು ಕಲಿಸಿದರು. ನೀನು ಅವರನ್ನು ನೋಡಿಲ್ಲ. ನಸುಕಿನಲ್ಲಿ ಎದ್ದು ಜೋಳ ಬೀಸುತ್ತಾ ದಖ್ಖನಿಯಲ್ಲಿ ಹಾಡುತ್ತಿದ್ದರು. ಕಲ್ಲಿನ ಹಿಡಿಗೂಟ ನೆಟ್ಟಗೆ ನಿಂತ ಅಲಿಫ್ ಅಕ್ಷರದ ಹಾಗೆ, ಅದು ಅಲ್ಲಾಹನ ಗುರುತು. ನಡುವಿನ ಕೀಲು ಪೈಗಂಬರರು. ಹೀಗೆ ಸಾಗುತ್ತದೆ ಆ ಹಾಡು. ಸಾಲು ಸಾಲಿಗೂ ಕೊನೆಯಲ್ಲಿ 'ಯಾ ಬಿಸ್ಮಿಲ್ಲಾಹ್, ಹೂ ಹೂ ಅಲ್ಲಾಹ್' ಅಂತ ಬರುತ್ತದೆ. ಇವಕ್ಕೆ ಚಕ್ಕಿನಾಮಾ ಅನ್ನುತ್ತಾರೆ. ನೂಲುವಾಗ ಹಾಡುವುದು ಚರಖಾನಾಮಾ. ನಮ್ಮ ಬಿಜಾಪುರದ ಚಿಶ್ತಿ ಸೂಫಿಗಳ ಬಳಗದವರು ಇಂಥವನ್ನು ಕಟ್ಟಿದರು. 1675ರಲ್ಲಿ ತೀರಿಕೊಂಡ ಅಮೀನುದ್ದೀನ್ ಆಲಾ ಅವರ ದರ್ಗಾ ಅಲ್ಲಿದೆಯಲ್ಲ, ಆ ಪರಂಪರೆಯವರು. ಸೂಫಿಗಳ ಮಠವಾದ ಖಾನ್ಕಾಹಿನಲ್ಲಿ ಕೂತು ಜಿಕ್ರ್ ಮಾಡಲು ಪುರುಸೊತ್ತಿಲ್ಲದ ಹೆಂಗಸರಿಗೆ, ಅರಬ್ಬಿ ಓದಲು ಬಾರದವರಿಗೆ, ಕೈಕೆಲಸದಲ್ಲೇ ಜಿಕ್ರ್ ಇಟ್ಟುಕೊಟ್ಟರು. ನನಗೆ ಇದಕ್ಕಿಂತ ದೊಡ್ಡ ಉಪಕಾರ ಕಾಣುವುದಿಲ್ಲ.

ಕಲ್ಲು ನೂಕುವಾಗ ಉಸಿರು ಹೊರಗೆ, ಎಳೆದುಕೊಳ್ಳುವಾಗ ಒಳಗೆ. 'ಹೂ' ಬೀಳುವುದು ನೂಕುವಾಗ. ಚಿಕ್ಕವಳಿದ್ದಾಗ ನಾನು ಬೇಗ ಮುಗಿಸುವ ಆಸೆಗೆ ಕಲ್ಲನ್ನು ಗರಗರ ತಿರುಗಿಸಿದೆ. ಹಿಟ್ಟು ತರಿತರಿಯಾಗಿ ಬಿತ್ತು, ಮುಟ್ಟಿದರೆ ಬಿಸಿ. ನಾನಿ ಬೈಯಲಿಲ್ಲ. ಆ ಹಿಟ್ಟನ್ನೇ ನನ್ನ ಅಂಗೈಗೆ ಹಾಕಿ, 'ಕಾಳು ಒಡೆದಿದೆ, ಹಿಟ್ಟಾಗಿಲ್ಲ' ಅಂದರು. ನಿನ್ನ ಮೆಸೇಜ್ ಓದಿದಾಗ ನನಗೆ ಆ ಅಂಗೈ ನೆನಪಾಯಿತು.

ಈಗ ನೀನು ಮಾಡಿದ್ದನ್ನೇ ಸರಿಯಾಗಿ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಇದಕ್ಕೆ ನಫೀ ಇಸ್ಬಾತ್ ಅನ್ನುತ್ತಾರೆ. ನಫೀ ಅಂದರೆ ಇಲ್ಲ ಅನ್ನುವುದು, ಇಸ್ಬಾತ್ ಅಂದರೆ ಇದೆ ಅನ್ನುವುದು. 'ಲಾ ಇಲಾಹ', ಯಾವ ದೇವರೂ ಇಲ್ಲ. 'ಇಲ್ಲಲ್ಲಾಹ್', ಅಲ್ಲಾಹನ ಹೊರತು.

ವುಜೂ ಮಾಡಿ, ಕಿಬ್ಲಾ ಕಡೆ ಮುಖ ಮಾಡಿ, ಚಕ್ಕಳಮಕ್ಕಳ ಹಾಕಿ ಕೂರು. ಬೆನ್ನು ನೆಟ್ಟಗಿರಲಿ, ಬಿಗಿ ಬೇಡ. ಬಲಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನಿಂದ ಎಡ ಮೊಣಕಾಲಿನ ಹಿಂದಿನ ನರವನ್ನು ಒತ್ತಿ ಹಿಡಿಯಬೇಕು ಅಂತ ಹಳೆಯ ಚಿಶ್ತಿಗಳು ಹೇಳುತ್ತಾರೆ. ಅದಕ್ಕೆ ಕೀಮಾಸ್ ಅಂತ ಹೆಸರು. ನೀನು ಅದನ್ನು ಬಿಟ್ಟುಬಿಡು. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಕಾಲು, ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ. ಆಮೇಲೆ ಮನಸ್ಸೆಲ್ಲ ಕಾಲಿನಲ್ಲೇ ಇರುತ್ತದೆ.

ಮೊದಲು ಪೈಗಂಬರರಿಗೆ ಸಲಾಮು ಹೇಳುವ ದರೂದ್, ಆಮೇಲೆ ಕ್ಷಮೆ ಬೇಡುವ ಇಸ್ತಿಗ್ಫಾರ್, ಎರಡನ್ನೂ ನಾಲ್ಕಾರು ಬಾರಿ ಓದು. ಆಮೇಲೆ ತಲೆಯನ್ನು ಎಡ ಮೊಣಕಾಲಿನ ಕಡೆ ಬಾಗಿಸು. ಅಲ್ಲಿಂದ 'ಲಾ' ಅನ್ನುತ್ತಾ ಬಲ ಮೊಣಕಾಲಿನ ಮೇಲಿಂದ ಹಾಯ್ದು, 'ಇಲಾಹ' ಅನ್ನುವಾಗ ಬಲ ಭುಜದವರೆಗೆ ತಲೆ ಏರಲಿ. ಅಲ್ಲಿ ಮನಸ್ಸಿನಲ್ಲಿರುವುದನ್ನೆಲ್ಲ ಬೆನ್ನ ಹಿಂದೆ ಹಾಕಿದ ಹಾಗೆ. ಅಲ್ಲಿಂದ ಎಡಕ್ಕೆ ಇಳಿದು, ಎಡ ಎದೆಯ ಕೆಳಗೆ, ಹೃದಯದ ಮೇಲೆ 'ಇಲ್ಲಲ್ಲಾಹ್' ಬೀಳಬೇಕು. ಈ ಬೀಳುವುದಕ್ಕೆ ಜರ್ಬ್ ಅನ್ನುತ್ತಾರೆ, ಅಂದರೆ ಪೆಟ್ಟು. ಪೆಟ್ಟು ಅಂದ ತಕ್ಷಣ ಕತ್ತನ್ನು ಎಸೆಯಬೇಡ. ಪೆಟ್ಟು ಬೀಳುವುದು ಗಮನದಿಂದ, ಕತ್ತಿನಿಂದಲ್ಲ. ವಿಡಿಯೊಗಳಲ್ಲಿ ಕೆಲವರು ತಲೆಯನ್ನು ಹೇಗೆ ಬೀಸುತ್ತಾರೆ ಅಂದರೆ, ನೋಡುವವರ ಕತ್ತೇ ನೋಯುತ್ತದೆ.

ಇಷ್ಟೂ ಒಂದೇ ಉಸಿರಿನಲ್ಲಿ ಮುಗಿಯಬೇಕು. ಇದು ತುಂಬ ಮುಖ್ಯ. 'ಲಾ ಇಲಾಹ' ಅಂದು ಉಸಿರು ಸಾಲದೆ ಅಲ್ಲೇ ನಿಂತರೆ, ನೀನು ಆಡಿದ ಮಾತು 'ಯಾವ ದೇವರೂ ಇಲ್ಲ' ಅಂತ ಆಗುತ್ತದೆ. ಕಲಿಸುವವರು ಇಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಉಸಿರು ಕಡಿಮೆಯಾದರೆ 'ಲಾ'ದ ಎಳೆತವನ್ನು ಚಿಕ್ಕದು ಮಾಡಿಕೋ, 'ಇಲ್ಲಲ್ಲಾಹ್' ಮುಟ್ಟದೆ ನಿಲ್ಲಬೇಡ. ಆಮೇಲೆ ಉಸಿರು ತಾನಾಗಿ ಒಳಗೆ ಬರಲಿ. ಎಳೆಯಬೇಡ, ಕಾದಿರು. ಆ ಕಾಯುವ ಗಳಿಗೆ ನಿನ್ನ ಐದು ನಿಮಿಷದ ಜಿಕ್ರಿನಲ್ಲಿ ಇರಲೇ ಇಲ್ಲ.

ಇನ್ನೊಂದು, ನಾಲಿಗೆಯ ವಿಷಯ. ಅವಸರದಲ್ಲಿ 'ಅಲ್ಲಾಹ್' ಅನ್ನುವುದು 'ಅಲ್ಲ' ಆಗಿಬಿಡುತ್ತದೆ. ಕನ್ನಡದಲ್ಲಿ ಓದಿದ ನಮಗೆ ಅದು ಬೇರೆಯೇ ಮಾತು, ನಿನಗೆ ಗೊತ್ತಲ್ಲ. ಎರಡನೇ ಅಕ್ಷರ ದೀರ್ಘ ಇರಲಿ, ಕೊನೆಯ ಹಕಾರ ಕೇಳಿಸಲಿ. ಆ ಹಕಾರ ಬರೀ ಉಸಿರು, ತುಟಿ ನಾಲಿಗೆ ಏನೂ ತಗಲುವುದಿಲ್ಲ. 'ಹೂ' ಅಂದರೆ 'ಅವನು'. ಸೂಫಿಗಳು ಆ ಹಕಾರವನ್ನೇ 'ಹೂ' ಅಂತ ಹಿಡಿದು, ನಾವು ಬಿಡುವ ಪ್ರತಿ ಉಸಿರೂ ಆ ಹೆಸರು ಅನ್ನುತ್ತಾರೆ. ನೀನು ಅದನ್ನೇ ನುಂಗಿಬಿಟ್ಟರೆ ಉಳಿಯುವುದೇನು?

ಎಷ್ಟು ಸಲ ಅಂತ ಕೇಳುತ್ತೀಯ. ಆ 200 ನಿನಗೆ ಎಲ್ಲಿಂದ ಸಿಕ್ಕಿತು ಅಂತ ನನಗೆ ಗೊತ್ತಾಯಿತು. ಚಿಶ್ತಿಗಳ ಸಾಬಿರಿ ಶಾಖೆಯಲ್ಲಿ 'ಬಾರಾ ತಸ್ಬೀಹ್' ಅಂತ ಇದೆ. 'ಲಾ ಇಲಾಹ ಇಲ್ಲಲ್ಲಾಹ್' 200, 'ಇಲ್ಲಲ್ಲಾಹ್' 400, 'ಅಲ್ಲಾಹು ಅಲ್ಲಾಹ್' 600, ಕೊನೆಗೆ 'ಅಲ್ಲಾಹ್' 100. ಹೆಸರಿಗೆ ಬಾರಾ, ಅಂದರೆ ಹನ್ನೆರಡು ನೂರು, ಅಂದರೂ ಕೂಡಿಸಿದರೆ 1300. ಅದು ಗುರುಗಳಾದ ಮುರ್ಶಿದರು ಶಿಷ್ಯನನ್ನು ನೋಡಿ, ಅವನ ಶಕ್ತಿ ಅಳೆದು, ಇಜಾಜತ್ ಅನ್ನುವ ಅನುಮತಿ ಕೊಟ್ಟ ಮೇಲೆ ಮಾಡುವಂಥದ್ದು. ನೀನು ಅದರ ಮೊದಲ ಲೆಕ್ಕವನ್ನು ಕಿತ್ತುಕೊಂಡು ಬಂದಿದ್ದೀಯ. ನಾನಿ 200 ಮುಗಿಸಲು 20 ನಿಮಿಷ ತೆಗೆದುಕೊಳ್ಳುತ್ತಿದ್ದರು, ಅಂದರೆ ನಿಮಿಷಕ್ಕೆ ಹತ್ತು. ನೀನು ಸದ್ಯಕ್ಕೆ 33 ಮಾಡು. ಆ ನಡೆಯಲ್ಲಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯಬೇಕು. ಎರಡು ನಿಮಿಷಕ್ಕೆ ಮುಗಿದರೆ ಓಡಿದ್ದೀಯ ಅಂತ ಅರ್ಥ. ನಡುವೆ ಬೆರಳು ಜುಮ್ಮೆಂದರೆ ಅಲ್ಲೇ ನಿಲ್ಲಿಸಿ, ಬಾಯಿ ಮುಚ್ಚಿ ಮೂಗಿನಲ್ಲಿ ಮೆಲ್ಲಗೆ ಉಸಿರಾಡು. ಜಿಕ್ರ್ ಮಾಡದಾಗಲೂ ತಲೆ ಸುತ್ತಿದರೆ, ಎದೆ ನೋವು ಬಂದರೆ ಡಾಕ್ಟರ ಹತ್ತಿರ ಹೋಗು, ಪೀರ್ ಸಾಹೇಬರ ಹತ್ತಿರ ಅಲ್ಲ.

ಉಸಿರು ಕಟ್ಟಿ ಮಾಡುವ ಜಿಕ್ರ್ ಕೂಡ ಇದೆ, ಹಬ್ಸ್-ಎ-ದಮ್ ಅಂತ. ಸೂಫಿಗಳಲ್ಲೇ ಇನ್ನೊಂದು ಪಂಥದವರಾದ ನಕ್ಷಬಂದಿಗಳು ಒಂದೇ ಉಸಿರನ್ನು ಹಿಡಿದು 3, 5, 7 ಹೀಗೆ ಬೆಸ ಸಂಖ್ಯೆಯಲ್ಲಿ 21ರವರೆಗೆ ಏರಿಸುತ್ತಾರೆ. ಅದನ್ನು ಒಬ್ಬನೇ ಮುಟ್ಟಬೇಡ. ಚಿಕ್ಕವನಿದ್ದಾಗ ನಿನಗೆ ದಮ್ಮು ಇತ್ತು, ನಾನು ಮರೆತಿಲ್ಲ.

ನಿನ್ನ ರೂಮಿನ ಗೆಳೆಯ ಜೋರಾಗಿ ಜಿಕ್ರ್ ಮಾಡುವುದು ತಪ್ಪು ಅಂದನಂತೆ. ಅವನ ಜೊತೆ ವಾದ ಮಾಡಬೇಡ. ಕುರ್‌ಆನಿನ ಏಳನೇ ಸೂರಾದಲ್ಲಿ ನಿನ್ನ ಒಡೆಯನನ್ನು ಮನದೊಳಗೆ, ವಿನಯದಿಂದ, ದನಿ ಏರಿಸದೆ ನೆನೆ ಅಂತಲೇ ಇದೆ. ಚಿಶ್ತಿಗಳು ಹೊಸಬರಿಗೆ ದನಿ ಎತ್ತಿಸುತ್ತಾರೆ, ಚದುರಿದ ಮನಸ್ಸು ಕಿವಿಯ ಮೂಲಕ ಮರಳಿ ಬರಲಿ ಅಂತ. ಅದು ಜಲೀ. ಒಳಗೊಳಗೇ ಮಾಡುವುದು ಖಫೀ. ಪಕ್ಕದಲ್ಲಿ ಒಬ್ಬ ದಣಿದು ಮಲಗಿರುವಾಗ ನಿನಗೆ ಯಾವುದು ಸರಿ ಅಂತ ನಾನು ಹೇಳಬೇಕಾಗಿಲ್ಲ. ತುಟಿ ಅಲುಗುವಷ್ಟು, ನಿನ್ನ ಕಿವಿಗೆ ಮಾತ್ರ ಕೇಳುವಷ್ಟು ಸಾಕು.

ನನ್ನನ್ನು ಕೇಳಿದರೆ ನಿನ್ನ ದಿನಚರಿಗೆ ಹೊಂದುವುದು ಬೇರೆಯೇ ಒಂದು ಇದೆ, ಪಾಸ್-ಎ-ಅನ್ಫಾಸ್. ಉಸಿರುಗಳ ಕಾವಲು ಅಂತ ಅರ್ಥ. ಇದಕ್ಕೆ ತಸ್ಬೀಹ್ ಮಣಿ ಬೇಡ, ಲೆಕ್ಕ ಬೇಡ. ಬಾಯಿ ಮುಚ್ಚಿರುತ್ತದೆ, ನಾಲಿಗೆ ಅಲುಗುವುದಿಲ್ಲ. ಉಸಿರು ಹೊರಗೆ ಹೋಗುವಾಗ ಮನಸ್ಸಿನಲ್ಲಿ 'ಲಾ ಇಲಾಹ', ಒಳಗೆ ಬರುವಾಗ 'ಇಲ್ಲಲ್ಲಾಹ್'. ಉಸಿರನ್ನು ಉದ್ದ ಮಾಡಬೇಡ, ಗಿಡ್ಡ ಮಾಡಬೇಡ. ಅದು ಹೋದ ಹಾಗೆ ಹೆಸರು ಹೋಗಲಿ. ಇಲ್ಲಿ ತಪ್ಪುವುದು ಒಂದೇ ಕಡೆ. ಗಮನಿಸಿದ ಕೂಡಲೇ ಉಸಿರು ಬಿಗಿಯಾಗುತ್ತದೆ, ಯಾರೋ ನೋಡುತ್ತಿದ್ದಾರೆ ಅಂದಾಗ ನಡಿಗೆ ಕೆಡುತ್ತದಲ್ಲ, ಹಾಗೆ. ಆಗ ಹೆಸರನ್ನು ಬಿಟ್ಟು ಎರಡು ಮೂರು ಉಸಿರು ಸುಮ್ನೆ ಹೋಗಲು ಬಿಡು, ಆಮೇಲೆ ಮತ್ತೆ ಸೇರಿಕೋ. ಬಸ್ಸಿನಲ್ಲಿ ಮಾಡಬಹುದು, ಲಿಫ್ಟಿಗೆ ಕಾಯುವಾಗ ಮಾಡಬಹುದು. ನಾನು ರೊಟ್ಟಿ ಬಡಿಯುವಾಗ ಮಾಡುತ್ತೇನೆ. ಎಷ್ಟೋ ದಿನ ಮರೆತೇ ಹೋಗುತ್ತದೆ, ನಾಲ್ಕು ರೊಟ್ಟಿ ಆದ ಮೇಲೆ ನೆನಪಾಗುತ್ತದೆ. ಐದನೆಯದರಿಂದ ಶುರು ಮಾಡುತ್ತೇನೆ.

ಬಂದೇ ನವಾಜರ ಉರುಸಿಗೆ ಬರುತ್ತೇನೆ ಅಂದಿದ್ದೀಯ. ದೆಹಲಿಯ ಮೇಲೆ ತೈಮೂರ್ ಬಿದ್ದಾಗ ಆ ಊರು ಬಿಟ್ಟು, 80ರ ಆಸುಪಾಸಿನ ವಯಸ್ಸಿನಲ್ಲಿ ನಮ್ಮ ಕಡೆಗೆ ಬಂದು, 1422ರಲ್ಲಿ ಇಲ್ಲೇ ಮಣ್ಣಾದವರು ಅವರು. ನೀನು ಬಂದಾಗ ನನಗೆ ಹೇಳಿಕೊಟ್ಟವರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರು ನಿನ್ನನ್ನು ಮೊದಲು ಕೇಳುವುದು ನಮಾಜಿನ ಬಗ್ಗೆ, ಆಮೇಲೆ ನಿದ್ದೆಯ ಬಗ್ಗೆ. ಎಷ್ಟು ಸಲ ಮಾಡಿದೆ ಅಂತ ಕೇಳುವುದಿಲ್ಲ. ಅಲ್ಲಿಯವರೆಗೆ ಆ ವಿಡಿಯೊ ಬೇಡ.

ಇವತ್ತು ರಾತ್ರಿ ಇಷಾ ನಮಾಜ್ ಆದ ಮೇಲೆ 33 ಮಾಡಿ, ಎಷ್ಟು ನಿಮಿಷ ಹಿಡಿಯಿತು ಅಂತ ನನಗೆ ಬರೆದು ಕಳಿಸು. ಊಟ ಆದ ಕೂಡಲೇ ಕೂರಬೇಡ.

ನಿನ್ನ
ಖಾಲಾ